ಎಲ್‌ಸಿಡಿ ಬೆನ್ನಿಗೆ ಯಾವ ಬೋರ್ಡ್? ಐ2ಸಿ, ಸೀರಿಯಲ್ ಎರಡನ್ನೂ ಹಚ್ಚಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಎಲ್‌ಸಿಡಿ ಡಿಸ್‌ಪ್ಲೇಯನ್ನು ಕಡಿಮೆ ತಂತಿಯಲ್ಲಿ ಆರ್ಡುಯಿನೋಗೆ ಜೋಡಿಸಲು ಅದರ ಹಿಂದೆ ಹಚ್ಚುವ ಬೋರ್ಡುಗಳಲ್ಲಿ ನನ್ನ ವೋಟು ಐ2ಸಿ ಬ್ಯಾಕ್‌ಪ್ಯಾಕಿಗೆ. ಹಿಂದುಗಡೆ ಕಾಂಟ್ರಾಸ್ಟ್ ಹೆಚ್ಚುಕಮ್ಮಿ ಮಾಡಲು ತಿರುಗಿಸುವ ನೀಲಿ ಬಣ್ಣದ ಪುಟ್ಟ ಪಾಟ್ ಇರುವ, ಅಂಗಡಿಯಲ್ಲಿ ಎಲ್‌ಸಿಡಿಗೆ ಬೆಸೆದೇ ಕೊಡುವ ಬೋರ್ಡ್ ಅದು. ಎಲ್‌ಸಿಡಿ ಸೇರಿ ಇನ್ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಇನ್ನೊಂದು, ಒಂದೇ ಡೇಟಾ ತಂತಿಯಲ್ಲಿ ಕೆಲಸ ಮಾಡುವ ಸೀರಿಯಲ್ ಬ್ಯಾಕ್‌ಪ್ಯಾಕ್. ಅದರಲ್ಲಿ ಪಾಟ್ ಇಲ್ಲ, ಕಾಂಟ್ರಾಸ್ಟನ್ನು ಕೋಡ್‌ನಿಂದಲೇ ಬದಲಿಸಬಹುದು. ಬೆಲೆ ಮಾತ್ರ ಹಲವು ಪಟ್ಟು ಜಾಸ್ತಿ. ಎರಡನ್ನೂ ತಗೊಂಡು ಒಂದೇ ಕೆಲಸಕ್ಕೆ ಹಚ್ಚಿ ನೋಡಿದೆ.

ಕೆಲಸ ಇಷ್ಟು. ಹೊಳಲ್ಕೆರೆ ಕಡೆ ನಮ್ಮ ಭಾವನ ಅಡಿಕೆ ತೋಟವಿದೆ. ಅಲ್ಲಿನ ಮೋಟರ್ ಮನೆಯಲ್ಲಿ ಬೋರ್ ಓಡುತ್ತಿದೆಯಾ, ಎಷ್ಟು ನಿಮಿಷ ಓಡಿತು ಅನ್ನುವುದು ಕಾಣಬೇಕು. ಬೋರ್ಡ್ ಆರ್ಡುಯಿನೋ ಊನೋ. ಕೋಡ್ ಬರೆದು ಪರೀಕ್ಷೆ ಮಾಡಿದ್ದು ದಾವಣಗೆರೆಯ ನಮ್ಮ ಮನೆಯಲ್ಲಿ. ಈ ಎರಡು ಜಾಗಗಳ ವ್ಯತ್ಯಾಸವೇ ಮುಂದೆ ದೊಡ್ಡ ವಿಷಯವಾಯಿತು.

ತಂತಿ ಜೋಡಿಸುವುದರಲ್ಲಿ ಎರಡೂ ಸುಲಭ. ಐ2ಸಿಗೆ ನಾಲ್ಕು ತಂತಿ: 5 ವೋಲ್ಟ್, ಗ್ರೌಂಡ್, ಎಸ್‌ಡಿಎ ಊನೋದ ಎ4ಗೆ, ಎಸ್‌ಸಿಎಲ್ ಎ5ಗೆ. ಸೀರಿಯಲ್‌ಗೆ ಮೂರೇ ಸಾಕು. ಆದರೆ ಸೀರಿಯಲ್ ತಂತಿಯನ್ನು ಊನೋದ 1ನೇ ಪಿನ್ನಿಗೆ ಕೊಡಬೇಡಿ. ಪ್ರೋಗ್ರಾಂ ಅಪ್‌ಲೋಡ್ ಆಗುವಾಗ ಬೂಟ್‌ಲೋಡರ್ ಕಂಪ್ಯೂಟರಿಗೆ ಕೊಡುವ ಉತ್ತರವೂ ಅದೇ ಪಿನ್ನಿನಲ್ಲಿ ಹೋಗುತ್ತದೆ, ಡಿಸ್‌ಪ್ಲೇ ಮೇಲೆ ಏನೇನೋ ಗೀಚಿದ ಹಾಗೆ ಅಕ್ಷರ ಬರುತ್ತದೆ. 3ನೇ ಪಿನ್ನಿಗೆ ಕೊಟ್ಟು `SoftwareSerial` ಬಳಸಿದರೆ ಆ ತಂಟೆ ಇಲ್ಲ.

ಐ2ಸಿಯಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ವಿಳಾಸದ ಹತ್ತಿರ. ಬೋರ್ಡ್ ಮೇಲಿನ ಚಿಪ್ ಪಿಸಿಎಫ್8574 ಆಗಿದ್ದರೆ ಸಾಮಾನ್ಯವಾಗಿ `0x27`, ಕೊನೆಗೆ ಎ ಇರುವ ಪಿಸಿಎಫ್8574ಎ ಆಗಿದ್ದರೆ `0x3F`. ಎರಡೂ ನೋಡಲು ಒಂದೇ ಥರ. ನಾನು ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ, `hd44780` ಲೈಬ್ರರಿ ತಾನೇ ವಿಳಾಸ ಹುಡುಕಿಕೊಳ್ಳುತ್ತದೆ.

```
#include <Wire.h>
#include <hd44780.h>
#include <hd44780ioClass/hd44780_I2Cexp.h>

hd44780_I2Cexp lcd;

void setup() {
  lcd.begin(16, 2);
  lcd.print("BORE: ON");
  lcd.setCursor(0, 1);
  lcd.print("NIMISHA: 42");
}

void loop() {}
```

ಇನ್ನು ಕಾಂಟ್ರಾಸ್ಟ್. ಐ2ಸಿ ಬೋರ್ಡಿನ ತಲೆನೋವು ಇದೊಂದೇ, ಆದರೆ ಸಣ್ಣದಲ್ಲ.

ಹೊಸ ಎಲ್‌ಸಿಡಿಗೆ ಕರೆಂಟ್ ಕೊಟ್ಟಾಗ ಹಿಂದಿನ ಬೆಳಕು ಹತ್ತುತ್ತದೆ, ಅಕ್ಷರ ಮಾತ್ರ ಕಾಣುವುದಿಲ್ಲ. ಆಗ ಕೋಡ್ ತಪ್ಪೋ, ತಂತಿ ತಪ್ಪೋ, ಕಾಂಟ್ರಾಸ್ಟ್ ಕಮ್ಮಿಯೋ ಅಂತ ಗೊತ್ತಾಗುವುದು ಹೇಗೆ? ಎಸ್‌ಡಿಎ, ಎಸ್‌ಸಿಎಲ್ ಎರಡನ್ನೂ ಬಿಚ್ಚಿಬಿಡಿ. ಬರೀ 5 ವೋಲ್ಟ್ ಮತ್ತು ಗ್ರೌಂಡ್ ಇರಲಿ. ಈಗ ಸಣ್ಣ ಸ್ಕ್ರೂಡ್ರೈವರ್‌ನಿಂದ ನೀಲಿ ಪಾಟನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ. ಎಲ್ಲೋ ಒಂದು ಕಡೆ ಮೇಲಿನ ಸಾಲಿನಲ್ಲಿ ಮಾತ್ರ ಹದಿನಾರು ಕಪ್ಪು ಚೌಕಗಳು ಮೂಡಬೇಕು. ಎಲ್‌ಸಿಡಿಯ ಕಂಟ್ರೋಲರ್ ಶುರುವಿನ ಆದೇಶ ಬರುವ ತನಕ ಒಂದೇ ಸಾಲಿನ ಸ್ಥಿತಿಯಲ್ಲಿ ಇರುತ್ತದೆ, ಅದಕ್ಕೇ ಕೆಳಗಿನ ಸಾಲು ಖಾಲಿ. ಚೌಕ ಮೂಡಿದರೆ ಗಾಜೂ ಕಾಂಟ್ರಾಸ್ಟೂ ಸರಿ ಇವೆ ಅಂತ ಅರ್ಥ. ಆಮೇಲೆ ತಂತಿ ಹಾಕಿ ಕೋಡ್ ಓಡಿಸಿದಾಗಲೂ ಅದೇ ಒಂದು ಸಾಲು ಚೌಕ ಉಳಿದರೆ ಆದೇಶ ತಲುಪುತ್ತಿಲ್ಲ. ವಿಳಾಸ, ತಂತಿ ನೋಡಬೇಕು, ಪಾಟ್ ಮುಟ್ಟಬಾರದು. ಪಾಟ್ ಪೂರ್ತಿ ತಿರುಗಿಸಿದರೂ ಚೌಕ ಬರದಿದ್ದರೆ ಬೆಸುಗೆ ಅಥವಾ ಕರೆಂಟಿನ ಕಡೆ ನೋಡಿ. 3.3 ವೋಲ್ಟ್ ಕೊಟ್ಟಿದ್ದರೆ ಸಾಮಾನ್ಯ 5 ವೋಲ್ಟ್ ಗಾಜಿನಲ್ಲಿ ಹೀಗೇ ಆಗುತ್ತದೆ.

ಚೌಕ ಕಂಡ ಜಾಗಕ್ಕೇ ಪಾಟ್ ನಿಲ್ಲಿಸಿಬಿಟ್ಟರೆ ಆಗಲಿಲ್ಲ. ಎರಡು ಸಾಲಿನ ಸ್ಥಿತಿಗೆ ಬಂದ ಮೇಲೆ ಗಾಜಿಗೆ ಬೇಕಾದ ವೋಲ್ಟೇಜ್ ಬೇರೆ. ಅಕ್ಷರ ಬಂದ ಮೇಲೆ ಮತ್ತೊಮ್ಮೆ ತಿರುಗಿಸಿ, ಅಕ್ಷರದ ಹಿಂದಿನ ಮಬ್ಬು ಚೌಕಗಳು ಮಾಯವಾಗುವ ಗಡಿಯಲ್ಲಿ ನಿಲ್ಲಿಸಬೇಕು.

ನಾನು ಇಷ್ಟನ್ನೂ ಮನೆಯಲ್ಲಿ ರಾತ್ರಿ ಹೊತ್ತು ಮಾಡಿದ್ದೆ. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಕರೆಂಟು, ಅಕ್ಷರ ಅಚ್ಚು ಹಾಕಿದ ಹಾಗೆ ಕಾಣುತ್ತಿತ್ತು. ಮೋಟರ್ ಮನೆಯಲ್ಲಿ ಹಾಕಿ ಬಂದ ಮೇಲೆ ಒಂದು ಮಧ್ಯಾಹ್ನ ಭಾವನ ಫೋನ್ ಬಂತು. "ಏನಪ್ಪಾ, ಅಕ್ಷರನೇ ಓದಕ್ಕಾಗ್ತಿಲ್ಲ, ಬರೀ ಡಬ್ಬಿ ಡಬ್ಬಿ ಕಾಣ್ತವೆ." ಬೆಳಿಗ್ಗೆ ಚೆನ್ನಾಗಿತ್ತಲ್ಲ ಭಾವ ಅಂದರೆ, ಹೌದು, ಬೆಳಿಗ್ಗೆ ಸರಿ ಇರುತ್ತೆ ಅಂದರು. ನಿಜವಾದ ಸುಳಿವು ಅದೇ.

ಮಲ್ಟಿಮೀಟರ್ ತಗೊಂಡು ಹೋಗಿ ಅಳೆದೆ. ಗಾಜು ಎಷ್ಟು ಕಪ್ಪಾಗುತ್ತದೆ ಅನ್ನುವುದು ಎಲ್‌ಸಿಡಿಯ 2ನೇ ಪಿನ್ನಿನ 5 ವೋಲ್ಟಿಗೂ 3ನೇ ಪಿನ್ನಿನ ಕಾಂಟ್ರಾಸ್ಟ್ ವೋಲ್ಟೇಜಿಗೂ ನಡುವಿನ ಅಂತರದ ಮೇಲೆ ನಿಂತಿದೆ. ಅಂತರ ಜಾಸ್ತಿಯಾದಷ್ಟೂ ಕಪ್ಪು. ಮನೆಯಲ್ಲಿ ಲ್ಯಾಪ್‌ಟಾಪ್ ಮತ್ತು ಸಪೂರ ಕೇಬಲ್ ದಾಟಿ ಬರುತ್ತಿದ್ದದ್ದು 4.7 ವೋಲ್ಟ್, 3ನೇ ಪಿನ್ನಿನಲ್ಲಿ 0.85, ಅಂತರ 3.85. ಮೋಟರ್ ಮನೆಯಲ್ಲಿ 9 ವೋಲ್ಟ್ ಅಡಾಪ್ಟರ್ ಹಾಕಿದ್ದೆ, ಊನೋದ ರೆಗ್ಯುಲೇಟರ್ 5.05 ವೋಲ್ಟ್ ಕೊಡುತ್ತಿತ್ತು. ಪಾಟ್ ಅದೇ ಜಾಗದಲ್ಲಿದ್ದರೂ ಅಂತರ 4.14 ಆಗಿತ್ತು. ಸುಮಾರು 0.3 ವೋಲ್ಟ್ ಜಾಸ್ತಿ. ಇದರ ಮೇಲೆ ಬಿಸಿಲು. ಬಿಸಿಯಾದ ಹಾಗೆ ದ್ರವ ಸ್ಫಟಿಕ ಕಡಿಮೆ ವೋಲ್ಟೇಜಿಗೇ ತಿರುಗುತ್ತದೆ, ಹಾಗಾಗಿ ಅದೇ ಅಂತರದಲ್ಲೂ ಇನ್ನಷ್ಟು ಕಪ್ಪಾಗುತ್ತದೆ. ತಗಡಿನ ಶೀಟ್ ಕೆಳಗೆ ಏಪ್ರಿಲ್ ಮಧ್ಯಾಹ್ನ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ, ಅಲ್ವಾ? ಬೆಳಗಿನ ತಂಪಿನಲ್ಲಿ ವೋಲ್ಟೇಜ್ ಒಂದರ ಪರಿಣಾಮ ಸಹಿಸುವಷ್ಟಿತ್ತು. ಮಧ್ಯಾಹ್ನ ಎರಡೂ ಸೇರಿ, ಹತ್ತಬಾರದ ಚುಕ್ಕೆಗಳೂ ಹತ್ತಿ ಅಕ್ಷರ ಮುಳುಗಿಹೋಗುತ್ತಿತ್ತು.

ಅಲ್ಲೇ, ಅದೇ ಅಡಾಪ್ಟರ್‌ನಲ್ಲಿ, ಮಧ್ಯಾಹ್ನದ ಬಿಸಿಯಲ್ಲಿ ಪಾಟನ್ನು ಒಂದು ಕೂದಲೆಳೆ ತಿರುಗಿಸಿದೆ. ಚೌಕಗಳು ಈಗಷ್ಟೇ ಹೋದವು ಅನ್ನುವಲ್ಲಿ ಬಿಟ್ಟೆ. ಬೆಳಗಿನ ಜಾವ ಅಕ್ಷರ ಸ್ವಲ್ಪ ತೆಳು, ಆದರೆ ಓದಲು ಏನೂ ತೊಂದರೆ ಇಲ್ಲ. ತಿರುಗಿಸುವಾಗ ಭಾವ ನಿಂತು ನೋಡುವ ಜಾಗದಿಂದಲೇ ನಾನೂ ನೋಡಿದೆ. ಈ ಗಾಜುಗಳಲ್ಲಿ ಮೇಲಿಂದ ನೋಡಿದರೆ ಒಂದು ಕಪ್ಪು, ಕೆಳಗಿಂದ ನೋಡಿದರೆ ಇನ್ನೊಂದು. ಪಾಟ್ ಡಬ್ಬಿಯ ಹಿಂದುಗಡೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಡಬ್ಬಿಗೆ ಸ್ಕ್ರೂಡ್ರೈವರ್ ಹೋಗುವಷ್ಟು ತೂತು ಮಾಡಿಟ್ಟೆ. ಇದನ್ನು ಯಾರೂ ಬಿಡಬೇಡಿ.

ಸೀರಿಯಲ್ ಬೋರ್ಡ್ ಇಲ್ಲಿ ಗೆಲ್ಲುತ್ತದೆ, ಒಪ್ಪಬೇಕು. ನನ್ನ ಹತ್ತಿರ ಇರುವುದರಲ್ಲಿ ಮೂರು ಬೈಟ್ ಕಳಿಸಿದರೆ ಕಾಂಟ್ರಾಸ್ಟ್ ಬದಲಾಗುತ್ತದೆ:

```
#include <SoftwareSerial.h>
SoftwareSerial lcd(2, 3);

void setup() {
  lcd.begin(9600);
  lcd.write(0xFE);
  lcd.write(0x50);
  lcd.write(200);
}

void loop() {}
```

ಕೊನೆಯ ಅಂಕಿ 0ಯಿಂದ 255ರ ತನಕ ಇರಬಹುದು, ಓದಲು ಬರುವುದು 180ರಿಂದ 220ರ ನಡುವೆ. ಡಬ್ಬಿಯೊಳಗೆ ಒಂದು ತಾಪಮಾನದ ಸೆನ್ಸರ್ ಇಟ್ಟು, ಬೆಳಿಗ್ಗೆಗೆ ಹೊಂದುವ ಅಂಕಿ ಒಂದು, ಮಧ್ಯಾಹ್ನಕ್ಕೆ ಹೊಂದುವುದು ಒಂದು ಕಂಡುಕೊಂಡು, ನಡುವಿನದನ್ನು `map()` ಲೆಕ್ಕ ಹಾಕುವಂತೆ ಮಾಡಿದೆ. ದಿನವಿಡೀ ಅಕ್ಷರ ಒಂದೇ ಸಮ. ಒಂದು ಎಚ್ಚರ ಬೇಕು. ಈ ಬೋರ್ಡ್ ಪ್ರತಿ ಸಲವೂ ಆ ಅಂಕಿಯನ್ನು ಕರೆಂಟು ಹೋದರೂ ಅಳಿಯದ ತನ್ನ ಇಇಪ್ರಾಮ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಭರವಸೆ ಇರುವುದು ಸುಮಾರು 1,00,000 ಬರಹಕ್ಕೆ. `loop()` ಒಳಗೆ ಸೆಕೆಂಡಿಗೊಮ್ಮೆ ಕಳಿಸುತ್ತಿದ್ದರೆ ಇಪ್ಪತ್ತೆಂಟು ಗಂಟೆಯಲ್ಲಿ ಅಷ್ಟೂ ಮುಗಿಯುತ್ತದೆ. ಅಂಕಿ ಬದಲಾದಾಗ ಮಾತ್ರ ಕಳಿಸಬೇಕು.

ಇಷ್ಟು ಚೆನ್ನಾಗಿದ್ದರೂ ಅದು ಮೋಟರ್ ಮನೆಯಲ್ಲಿ ಉಳಿಯಲಿಲ್ಲ. ಅಲ್ಲಿ ದೂಳು, ಇರುವೆ, ಹಲ್ಲಿ, ಕರೆಂಟಿನ ಏರುಪೇರು ಎಲ್ಲವೂ ಇವೆ. ಡಿಸ್‌ಪ್ಲೇ ಕೆಟ್ಟರೆ ಭಾವನಿಗೆ ಮರುದಿನವೇ ಇನ್ನೊಂದು ಬೇಕು. ಐ2ಸಿಯದನ್ನು ನಾನು ಎರಡು ಜಾಸ್ತಿ ತಂದು ಮನೆಯಲ್ಲಿ ಇಟ್ಟಿರುತ್ತೇನೆ, ನಾಲ್ಕು ತಂತಿ ಕಿತ್ತು ಚುಚ್ಚಿದರೆ ಆಯಿತು. ಸೀರಿಯಲ್‌ನದನ್ನು ಹಾಗೆ ತಂದಿಡುವ ಬಜೆಟ್ ನನ್ನದಲ್ಲ.

ಬಣ್ಣದ ಬಗ್ಗೆ ಒಂದು ಮಾತು: ಹಗಲು ಬೆಳಕಿನಲ್ಲಿ ಓದುವುದಾದರೆ ಹಳದಿ ಹಸಿರಿನದೇ ತಗೊಳ್ಳಿ. ನೀಲಿಯದು ಹಿಂದಿನ ಬೆಳಕಿಲ್ಲದೆ ಓದಲು ಬರುವುದಿಲ್ಲ.

ಸ್ಟಾರ್ಟರ್‌ನ ಕಾಂಟ್ಯಾಕ್ಟರ್ ಎಳೆದಾಗ ಐ2ಸಿ ಡಿಸ್‌ಪ್ಲೇಯಲ್ಲಿ ಅಪರೂಪಕ್ಕೆ ಅಕ್ಷರ ಕಲಸಿಹೋಗುವುದುಂಟು. ಮೋಟರ್ ಶುರುವಾಗಿ ಎರಡು ಸೆಕೆಂಡ್ ಬಿಟ್ಟು `lcd.begin(16, 2)` ಮತ್ತೊಮ್ಮೆ ಕರೆದು, ಬರೆಯಬೇಕಾದ್ದನ್ನು ಹೊಸದಾಗಿ ಬರೆದರೆ ಸರಿಹೋಗುತ್ತದೆ.

ಸೀರಿಯಲ್ ಬೋರ್ಡ್ ಈಗ ಭಾವನ ಮನೆಯ ಪಡಸಾಲೆಯಲ್ಲಿದೆ. ಆರ್ಡುಯಿನೋ ಹಿತ್ತಲಿನ ನೀರಿನ ಟ್ಯಾಂಕ್ ಹತ್ತಿರ, ಡಿಸ್‌ಪ್ಲೇ ಒಳಗೆ, ನಡುವೆ ಏಳೆಂಟು ಮೀಟರ್ ತಂತಿ. ಐ2ಸಿ ತಂತಿ ಮೀಟರ್ ದಾಟಿದರೆ ನಾನು ನಂಬುವುದಿಲ್ಲ. 9600 ವೇಗದ ಸೀರಿಯಲ್ ಅಷ್ಟು ದೂರ ಆರಾಮಾಗಿ ಹೋಗುತ್ತದೆ. ಇಂಥ ಜಾಗವಿದ್ದರೆ ಆ ದುಡ್ಡು ಕೊಡಿ. ಡಿಸ್‌ಪ್ಲೇ ಆರ್ಡುಯಿನೋ ಪಕ್ಕದಲ್ಲೇ ಇರುವುದಾದರೆ ಐ2ಸಿಯದನ್ನೇ ತಗೊಂಡು, ಉಳಿದ ದುಡ್ಡಿನಲ್ಲಿ ಒಂದು ಮಲ್ಟಿಮೀಟರ್ ತಗೊಳ್ಳಿ.