ಬಾಲಿಗೆ ಹೋಗುವವರು ಲುವಾಕ್ ಕಾಫಿಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಬಾಲಿಗೆ ಟಿಕೆಟ್ ಮಾಡಿಸಿರುವವರು ದಯವಿಟ್ಟು ಓದಿ. ಉಬುದ್ ಕಡೆ ಕಾರು ಮಾಡಿಕೊಂಡು ಹೊರಟರೆ ನೀವು ಕೇಳದಿದ್ದರೂ ಡ್ರೈವರ್ ಒಂದು "ಕಾಫಿ ತೋಟ"ದ ಮುಂದೆ ಗಾಡಿ ನಿಲ್ಲಿಸುತ್ತಾನೆ. ಎಂಟ್ರಿ ಫ್ರೀ. ಚೆನ್ನಾಗಿ ಮಾತಾಡುವ ಹುಡುಗಿ ಬಂದು ನಾಲ್ಕು ಗಿಡ ತೋರಿಸುತ್ತಾಳೆ. ಆಮೇಲೆ ಹಲಗೆಯ ಮೇಲೆ ಸಣ್ಣ ಸಣ್ಣ ಲೋಟಗಳಲ್ಲಿ ಶುಂಠಿ ಟೀ, ಲೆಮನ್‌ಗ್ರಾಸ್ ಟೀ, ತೆಂಗಿನಕಾಯಿ ಕಾಫಿ, ಎಲ್ಲ ಪುಕ್ಕಟೆ. ಲುವಾಕ್ ಕಾಫಿಗೆ ಮಾತ್ರ ಕಪ್ಪಿಗೆ 50,000 ರುಪಯ್ಯ, ಅಂದರೆ ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 270 ರೂಪಾಯಿ. ಅಷ್ಟು ಪುಕ್ಕಟೆ ಕುಡಿದ ಮೇಲೆ ಬೇಡ ಅನ್ನುವುದಕ್ಕೆ ಬಾಯಿ ಬರುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಲುವಾಕ್ ಅಂದರೆ ನಮ್ಮ ಕಡೆ ಕಾಫಿ ತೋಟಗಳಲ್ಲೂ ಓಡಾಡುವ ಪುನುಗು ಬೆಕ್ಕಿನ ಜಾತಿ. ಕಾಫಿ ಹಣ್ಣು ತಿನ್ನುತ್ತದೆ, ತಿರುಳು ಅರಗುತ್ತದೆ, ಬೀಜ ಪಾರ್ಚ್‌ಮೆಂಟ್ ಸಿಪ್ಪೆಯ ಸಮೇತ ಹಿಕ್ಕೆಯಲ್ಲಿ ಆಚೆ ಬರುತ್ತದೆ. ಅದನ್ನು ಆರಿಸಿ, ತೊಳೆದು, ಒಣಗಿಸಿ, ಸಿಪ್ಪೆ ತೆಗೆದು ಹುರಿಯುತ್ತಾರೆ. ಕಾಡಿನಲ್ಲಿ ಹುಡುಕಿ ಆರಿಸಬೇಕು, ಸಿಗುವುದು ಕಡಿಮೆ, ಅದಕ್ಕೇ ರೇಟು ಜಾಸ್ತಿ ಅನ್ನುವುದು ಎಲ್ಲರೂ ಹೇಳುವ ಕಥೆ. ನಾವು ದುಡ್ಡು ಕೊಡುವುದು ಈ ಕಥೆಗೆ. 100 ಗ್ರಾಂ ಪ್ಯಾಕೆಟ್‌ಗೆ ನಾನು ಕೊಟ್ಟಿದ್ದು 5 ಲಕ್ಷ ರುಪಯ್ಯ, ಸುಮಾರು 2,700 ರೂಪಾಯಿ. ಮೂರು ಪ್ಯಾಕೆಟ್ ತಂದೆ. ಒಂದು ಅಪ್ಪನಿಗೆ, ಒಂದು ಆಫೀಸಿನಲ್ಲಿ ಕೊಡೋಕೆ. ಈಗ ಅವರ ಮುಖ ನೋಡೋಕೆ ನಾಚಿಕೆಯಾಗುತ್ತೆ.

ಅಲ್ಲೇ ದಾರಿಯ ಪಕ್ಕ ತಂತಿಯ ಗೂಡುಗಳಲ್ಲಿ ನಾಲ್ಕು ಬೆಕ್ಕುಗಳಿದ್ದವು. ಕೆಳಗೆ ನೆಲವೂ ತಂತಿಯೇ. ಒಂದು ಮೂಲೆಯಲ್ಲಿ ಮುದುಡಿ ಮಲಗಿತ್ತು, ಬಾಲದ ಬುಡದಲ್ಲಿ ಕೂದಲೆಲ್ಲ ಉದುರಿ ಚರ್ಮ ಕಾಣುತ್ತಿತ್ತು. ಇನ್ನೊಂದು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ನಿಲ್ಲದೆ ತಿರುಗುತ್ತಿತ್ತು. ತಟ್ಟೆಯಲ್ಲಿ ಬರೀ ಕಾಫಿ ಹಣ್ಣು. ನೀರು ಎಲ್ಲೂ ಕಾಣಲಿಲ್ಲ. ಇದು ರಾತ್ರಿ ಓಡಾಡುವ ಪ್ರಾಣಿ, ಮರದ ಮೇಲೆ ಒಂಟಿಯಾಗಿರುತ್ತೆ, ಹಣ್ಣು, ಹುಳು, ಇಲಿ ಎಲ್ಲ ತಿನ್ನುತ್ತೆ. ನಡುಮಧ್ಯಾಹ್ನ ಜನ ಗೂಡಿಗೆ ಮೊಬೈಲ್ ಒತ್ತಿ ಫೋಟೋ ತೆಗೆಯುತ್ತಿದ್ದರು.

ನಾನು ಆ ಹುಡುಗಿಯನ್ನು ಕೇಳಿದೆ. ನಗುತ್ತಲೇ ಹೇಳಿದಳು: "ಇವು ತೋರಿಸೋಕೆ ಮಾತ್ರ ಮೇಡಂ. ಸಂಜೆ ಬಿಟ್ಟುಬಿಡ್ತೀವಿ. ನಮ್ಮ ಕಾಫಿ ಎಲ್ಲ ಕಾಡಿಂದ ಬರೋದು, ನೂರಕ್ಕೆ ನೂರು ಕಾಡಿಂದ." ಇದೇ ಮಾತು. ಇದೇ ಮಾತನ್ನು ಪಕ್ಕದ ಗುಂಪಿಗೂ ಹೇಳುತ್ತಿದ್ದಳು, ಒಂದಕ್ಷರ ಆಚೀಚೆ ಇಲ್ಲದೆ.

ಊರಿಗೆ ಬಂದ ಮೇಲೆ ಸಕಲೇಶಪುರದ ಹತ್ತಿರ ತೋಟ ಇರುವ ನಮ್ಮ ಚಿಕ್ಕಪ್ಪನಿಗೆ ಪ್ಯಾಕೆಟ್ ತೋರಿಸಿದೆ. ಬಿಚ್ಚಿ ಮೂಸಿ, ಪುಡಿಯನ್ನು ಬೆರಳಲ್ಲಿ ತಿಕ್ಕಿ, "ಅಲ್ಲಮ್ಮಾ, ಅಂಗಡಿಯಲ್ಲಿ ಇಂಥ ಪ್ಯಾಕೆಟ್ ಎಷ್ಟಿದ್ವು?" ಅಂದರು. ಗೋಡೆ ತುಂಬಾ ಇದ್ದವು ಅಂದೆ. "ಬೆಕ್ಕು ಎಷ್ಟು?" ನಾಲ್ಕು. ಅವರು ಲೆಕ್ಕ ಹಾಕಿ ತೋರಿಸಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಆ ಲೆಕ್ಕ ಇಲ್ಲಿ ಹೇಳುತ್ತೇನೆ, ನೀವೂ ಹಾಕಿ. ಸುಮಾರು ಆರು ಕಿಲೋ ಹಣ್ಣಿಗೆ ಒಂದು ಕಿಲೋ ಹಸಿ ಬೀಜ ಸಿಗುತ್ತದೆ. ಹುರಿದಾಗ ತೂಕ ಇನ್ನೂ ಇಳಿಯುತ್ತದೆ. ಹಾಗಾಗಿ ಒಂದು ಕಿಲೋ ಪುಡಿಗೆ ಏಳು ಕಿಲೋ ಹಣ್ಣು ಬೇಕು. ಈ ಬೆಕ್ಕು ತೂಗುವುದೇ ಮೂರು ಕಿಲೋ ಆಸುಪಾಸು. ಅದು ದಿನಕ್ಕೆ ಅರ್ಧ ಕಿಲೋ ಹಣ್ಣು ತಿಂದಿತು ಅಂತಲೇ ಇಟ್ಟುಕೊಳ್ಳಿ, ಒಂದು ಬೀಜವೂ ಹಾಳಾಗಲಿಲ್ಲ ಅಂತಲೂ ಇಟ್ಟುಕೊಳ್ಳಿ. ನಾಲ್ಕು ಬೆಕ್ಕಿಂದ ದಿನಕ್ಕೆ 100 ಗ್ರಾಂನ ಮೂರು ಪ್ಯಾಕೆಟ್ ಕೂಡ ಪೂರ್ತಿ ಆಗುವುದಿಲ್ಲ. ಅದೂ ಹಣ್ಣಿನ ಕಾಲದಲ್ಲಿ ಮಾತ್ರ. ನನ್ನ ಕಣ್ಣೆದುರೇ ಒಂದು ವ್ಯಾನಿನ ಜನ ಅದಕ್ಕಿಂತ ಜಾಸ್ತಿ ಕೊಂಡರು! ಹಾಗಾದರೆ ಮಿಕ್ಕಿದ್ದೆಲ್ಲ ಏನು? ಒಂದೋ ಮಾಮೂಲಿ ಕಾಫಿ, ಇಲ್ಲಾ ನಮಗೆ ತೋರಿಸದ ಕಡೆ ಇನ್ನೂ ಎಷ್ಟೋ ಗೂಡುಗಳು. ಎರಡರಲ್ಲಿ ಯಾವುದಾದರೂ ನಮಗೆ ಹೇಳಿದ್ದು ಸುಳ್ಳೇ ಅಲ್ವಾ?

ಕಾಡಿಂದ ತರುತ್ತೇವೆ ಅನ್ನುವುದಕ್ಕೆ ಚಿಕ್ಕಪ್ಪ ನಕ್ಕುಬಿಟ್ಟರು. ಅವರ ತೋಟದಲ್ಲೂ ಹಣ್ಣಿನ ಕಾಲದಲ್ಲಿ ಬಂಡೆ ಮೇಲೆ, ಬಿದ್ದ ಮರದ ಮೇಲೆ ಬೀಜದ ಉಂಡೆ ಸಿಗುತ್ತವೆ. ಆಳುಗಳು ಕೆಲಸದ ಮಧ್ಯೆ ಕಂಡಷ್ಟು ಆರಿಸಿದರೆ ಇಡೀ ಸೀಸನ್ನಿಗೆ ಸಿಗುವುದು ಒಂದು ಸಣ್ಣ ಚೀಲ. ಅದರಲ್ಲೂ ಹಳೆಯದು, ಮಳೆಗೆ ನೆನೆದದ್ದು, ಬೂಸ್ಟು ಬಂದದ್ದು ತೆಗೆದುಹಾಕಬೇಕು. ಕಾಡಿನ ಬೆಕ್ಕು ಸುಮ್ನೆ ಕಾಫಿಯನ್ನೇ ತಿಂದುಕೊಂಡು ಕೂತಿರುವುದಿಲ್ಲ.

ಅಂಗಡಿಯವರ ವಾಟ್ಸಾಪ್ ನಂಬರ್ ಪ್ಯಾಕೆಟ್ ಮೇಲಿತ್ತು. ಈ ಲೆಕ್ಕವನ್ನೇ ಬರೆದು ಕಳಿಸಿದೆ. ಮೊದಲ ಉತ್ತರ: "ಕೈ ಮುಗಿಯುತ್ತೇವೆ ಮೇಡಂ, ನಮ್ಮದು ಒರಿಜಿನಲ್." ಯಾವ ಕಾಡು, ಯಾರು ಆರಿಸುತ್ತಾರೆ, ಕಾಗದ ತೋರಿಸಿ ಅಂದೆ. ಒಂದು ಸರ್ಟಿಫಿಕೇಟಿನ ಫೋಟೋ ಬಂತು. ನೋಡಿದರೆ ಅದು ಹಲಾಲ್ ಸರ್ಟಿಫಿಕೇಟ್! ನಾನು ಕೇಳಿದ್ದೇನು, ಇವರು ಕೊಟ್ಟಿದ್ದೇನು? ಆ ಕಾಗದಕ್ಕೂ ಬೆಕ್ಕು ಗೂಡಲ್ಲಿದೆಯೋ ಕಾಡಲ್ಲಿದೆಯೋ ಅನ್ನುವುದಕ್ಕೂ ಸಂಬಂಧವೇ ಇಲ್ಲ. ರುಚಿಯೂ ಮಾಮೂಲಿ ಕಾಫಿಯ ಹಾಗೇ ಇದೆ ಅಂದಿದ್ದಕ್ಕೆ "ನೀವು ಮಾಡುವ ವಿಧಾನ ಸರಿಯಿಲ್ಲ, ಹಾಲು ಹಾಕಿರಬೇಕು" ಅಂದರು. ಹಾಲು ಹಾಕಿರಲಿಲ್ಲ. ದುಡ್ಡು ವಾಪಸ್ ಕೇಳಿದೆ. "ಮುಂದಿನ ಸಲ ಬಂದರೆ ಡಿಸ್ಕೌಂಟ್ ಕೊಡುತ್ತೇವೆ." ಆಮೇಲೆ ಬ್ಲಾಕ್. ಡ್ರೈವರ್‌ಗೆ ಮೆಸೇಜ್ ಮಾಡಿದರೆ ಅವನದು ಒಂದೇ ಸಾಲು: "ಎಲ್ಲ ಟೂರಿಸ್ಟರಿಗೂ ಇಷ್ಟವಾಗುತ್ತೆ."

ರುಚಿ ನೋಡಿ ಕಂಡುಹಿಡಿಯುತ್ತೇನೆ ಅಂದುಕೊಳ್ಳಬೇಡಿ. ಹುರಿದು ಪುಡಿ ಮಾಡಿದ ಮೇಲೆ ಕಣ್ಣಿಗೆ, ಮೂಗಿಗೆ ಏನೂ ಗೊತ್ತಾಗುವುದಿಲ್ಲ. 2013ರಲ್ಲಿ ಒಸಾಕಾ ವಿಶ್ವವಿದ್ಯಾಲಯದವರು ಕಾಫಿಯಲ್ಲಿರುವ ಸಿಟ್ರಿಕ್ ಆಮ್ಲದಂಥ ಅಂಶಗಳನ್ನು ಅಳೆದು ಅಸಲಿ ಲುವಾಕ್ ಕಾಫಿ ಗುರುತಿಸುವ ದಾರಿ ತೋರಿಸಿದರು. ಅದು ಲ್ಯಾಬಿನಲ್ಲಿ ಆಗುವ ಕೆಲಸ. ಗೂಡಿನ ಬೆಕ್ಕೋ ಕಾಡಿನ ಬೆಕ್ಕೋ ಅನ್ನುವುದನ್ನು ಅದೂ ಹೇಳುವುದಿಲ್ಲ. ಇನ್ನು ಗೂಡುಗಳ ವಿಷಯ: 2016ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್‌ನವರ ಅಧ್ಯಯನದಲ್ಲಿ ಬಾಲಿಯ 16 ತೋಟಗಳ 48 ಬೆಕ್ಕುಗಳನ್ನು ನೋಡಿದ್ದರು. ಪ್ರಾಣಿಗೆ ಬೇಕಾದ ಕನಿಷ್ಠ ಸೌಕರ್ಯ ಒಂದು ತೋಟದಲ್ಲೂ ಸರಿಯಾಗಿರಲಿಲ್ಲ. 1991ರಲ್ಲಿ ಈ ಕಾಫಿಯನ್ನು ಬ್ರಿಟನ್‌ಗೆ ತಂದ ವ್ಯಾಪಾರಿ ಟೋನಿ ವೈಲ್ಡ್, 2013ರಲ್ಲಿ ತಾನೇ ಇದನ್ನು ಕೊಳ್ಳಬೇಡಿ ಅಂತ ಪ್ರಚಾರಕ್ಕೆ ಇಳಿದರು. ತಂದವರೇ ಬೇಡ ಅಂದ ಮೇಲೆ ಇನ್ನೇನು ಬೇಕು?

ಕಾರು ಬುಕ್ ಮಾಡುವಾಗಲೇ "ಕಾಫಿ ತೋಟಕ್ಕೆ ನಿಲ್ಲಿಸಬೇಡಿ" ಅಂತ ಬರೆದು ಕಳಿಸಿ. ನಿಲ್ಲಿಸಿದರೆ ಇಳಿಯಬೇಡಿ. ಗೂಡು ಕಂಡ ಕಡೆ ಒಂದು ರೂಪಾಯಿಯೂ ಕೊಡಬೇಡಿ, ಫೋಟೋನೂ ತೆಗೆಯಬೇಡಿ. ನಮ್ಮ ಕೊಡಗು, ಚಿಕ್ಕಮಗಳೂರು ಕಡೆಯೂ ಈಗ ಪುನುಗು ಬೆಕ್ಕಿನ ಕಾಫಿ ಅಂತ ಮಾರುತ್ತಾರೆ. ಅಲ್ಲೂ ಪುಡಿ ಮುಟ್ಟಬೇಡಿ, ತೊಳೆಯದ ಉಂಡೆ ಎಲ್ಲಿದೆ, ಯಾವ ತೋಟದ್ದು, ಈ ಸೀಸನ್ನಿಗೆ ಒಟ್ಟು ಎಷ್ಟು ಕಿಲೋ ಸಿಕ್ಕಿತು ಅಂತ ಕೇಳಿ. ವರ್ಷವಿಡೀ ಬೇಕಾದಷ್ಟು ಸಿಗುತ್ತೆ ಅಂದರೆ ಎದ್ದು ಬನ್ನಿ. ಯಾರಾದರೂ ಬೆಕ್ಕನ್ನು ಗೂಡಲ್ಲಿಟ್ಟಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆ ಪ್ರಕಾರ ಇದನ್ನು ಹಿಡಿದು ಕೂಡಿಹಾಕುವುದು ಅಪರಾಧ.