ಮನೆ ಕಂದಾಯದ ನೋಟೀಸ್ ಬಂದರೆ ಕೆಳಗಿನ ಮೊತ್ತ ನೋಡಿ ಹಣ ಕಟ್ಟಬೇಡಿ

ಹೋದ ವರ್ಷ ಅಪ್ಪನ ಹೆಸರಿಗೆ ಪಾಲಿಕೆಯಿಂದ ಕಂದಾಯದ ಡಿಮ್ಯಾಂಡ್ ನೋಟೀಸ್ ಬಂತು. ಕೊನೆ ಸಾಲಿನಲ್ಲಿ 20,020 ರೂಪಾಯಿ. ಪ್ರತಿ ಏಪ್ರಿಲ್‌ನಲ್ಲಿ ಶೇ. 5 ರಿಯಾಯಿತಿ ಸಿಗುವಾಗಲೇ ತಪ್ಪದೆ ಕಟ್ಟುವವರು ಅವರು. ಆದರೂ "ಯಜಮಾನ್ರೇ, ಮೊದಲು ಕಟ್ಟಿಬಿಡಿ, ಆಮೇಲೆ ಸರಿ ಮಾಡಿಸಿಕೊಳ್ಳಿ, ಇಲ್ಲಾಂದ್ರೆ ದಂಡ ಬೆಳೀತಾ ಹೋಗುತ್ತೆ" ಅಂತ ಕೌಂಟರ್‌ನಲ್ಲಿ ಹೇಳಿದ ಮಾತಿಗೆ ಹೆದರಿ ಪೂರ್ತಿ ಕಟ್ಟಿ ಬಂದರು. ಆಮೇಲೆ ಕೂತು ಲೆಕ್ಕ ಹಾಕಿದರೆ, ಅಷ್ಟೂ ಹಣದಲ್ಲಿ ಒಂದು ರೂಪಾಯಿಯೂ ನಿಜವಾದ ಬಾಕಿ ಆಗಿರಲಿಲ್ಲ. ನಿಮ್ಮ ಮನೆಯಲ್ಲಿ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ನೋಟೀಸಿನಲ್ಲಿ ಮೊದಲು ನೋಡಬೇಕಾದ್ದು ಆಸ್ತಿಯ ಮೌಲ್ಯ ಮತ್ತು ಬಳಕೆಯ ಕಾಲಂ. ಬೆಂಗಳೂರಿನ ಲೆಕ್ಕ ಬೇರೆ. ಉಳಿದ ನಗರಗಳಲ್ಲಿ 2021-22ರಿಂದ ಸೈಟು ಮತ್ತು ಕಟ್ಟಡದ ಮಾರ್ಗಸೂಚಿ ಬೆಲೆಯ ಶೇ. 25ನ್ನು ಹಿಡಿದು, ಅದರ ಮೇಲೆ ತೆರಿಗೆ ಹಾಕುತ್ತಾರೆ. ನಮ್ಮ ಮನೆಯ ಬೆಲೆ 26 ಲಕ್ಷ. ಅದರ ಶೇ. 25 ಅಂದರೆ 6.5 ಲಕ್ಷ. ನಮ್ಮಲ್ಲಿ ವಾಸದ ಮನೆಗೆ ಶೇ. 0.5 ದರ, ಹಾಗಾಗಿ ವರ್ಷಕ್ಕೆ 3,250. ಇದರ ಮೇಲೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಸೆಸ್ ಎಲ್ಲ ಬರುತ್ತವೆ, ಲೆಕ್ಕ ಸುಲಭ ಆಗಲಿ ಅಂತ ಅದನ್ನು ಬದಿಗಿಟ್ಟಿದ್ದೇನೆ.

ನೋಟೀಸಿನಲ್ಲಿ ಮೌಲ್ಯ ಸರಿಯಾಗಿಯೇ ಇತ್ತು. ಬಳಕೆಯ ಜಾಗದಲ್ಲಿ ಮಾತ್ರ "ವಾಣಿಜ್ಯ" ಅಂತಿತ್ತು. ಎಷ್ಟೋ ವರ್ಷ ಹಿಂದೆ ಮುಂದಿನ ಕೋಣೆಯನ್ನು ಟೈಲರ್ ಅಂಗಡಿಗೆ ಬಾಡಿಗೆ ಕೊಟ್ಟಿದ್ದೆವು. ಅಂಗಡಿ ಮುಚ್ಚಿ ಕಾಲವಾಗಿದೆ, ದಾಖಲೆಯಲ್ಲಿ ಮಾತ್ರ ಇಡೀ ಮನೆಯೇ ಅಂಗಡಿ ಆಗಿ ಕೂತಿತ್ತು. ವಾಣಿಜ್ಯ ದರ ಶೇ. 1, ಹಾಗಾಗಿ ತೆರಿಗೆ 6,500. ಅಪ್ಪ ಕಟ್ಟಿದ್ದು ಅದರ ಅರ್ಧ. ಉಳಿದ ಅರ್ಧ ವರ್ಷವರ್ಷವೂ ಬಾಕಿ ಅಂತ ಏರಿಸಿದ್ದರು.

ಇನ್ನು ಬಾಕಿಯ ಕಾಲಂ. 2022-23ಕ್ಕೆ 3,250, 2024-25ಕ್ಕೆ 3,250 ಇತ್ತು. ಅದು ವಾಣಿಜ್ಯ ದರದ ವ್ಯತ್ಯಾಸ. ಆದರೆ ನಡುವಿನ 2023-24ಕ್ಕೆ ಪೂರಾ 6,500 ತೋರಿಸಿದ್ದರು, ಏನೂ ಕಟ್ಟೇ ಇಲ್ಲ ಅನ್ನೋ ಹಾಗೆ. ರಸೀದಿ ನಮ್ಮ ಹತ್ತಿರವೇ ಇತ್ತು. ಹಿಡಿದು ನೋಡಿದರೆ ಹೆಸರು ಸರಿ, ಮೊತ್ತ ಸರಿ, ಆಸ್ತಿ ಸಂಖ್ಯೆಯ ಕೊನೆಯ ಅಂಕಿ ಮಾತ್ರ ಬೇರೆ. ನಮ್ಮ ಹಣ ಇನ್ಯಾರದ್ದೋ ಖಾತೆಗೆ ಜಮಾ ಆಗಿತ್ತು. ಅದಕ್ಕೇ ಬಾಕಿಯನ್ನು ಒಟ್ಟು ಮೊತ್ತವಾಗಿ ನೋಡಬೇಡಿ. ವರ್ಷವಾರು ವಿವರ ಕೇಳಿ ತಗೊಳ್ಳಿ, ಪ್ರತಿ ವರ್ಷದ ಪಕ್ಕದಲ್ಲಿ ಆ ವರ್ಷದ ರಸೀದಿ ಇಟ್ಟು ನೋಡಿ.

ಕೊನೆಯದು ದಂಡ. ಏಪ್ರಿಲ್‌ನಲ್ಲಿ ರಿಯಾಯಿತಿ, ಮೇ–ಜೂನ್‌ನಲ್ಲಿ ದಂಡವಿಲ್ಲ, ಜುಲೈಯಿಂದ ತಿಂಗಳಿಗೆ ಶೇ. 2. ಕೆಲವು ವರ್ಷ ಸರ್ಕಾರ ಈ ಗಡುವನ್ನು ಮುಂದೂಡುವುದೂ ಉಂಟು. ನೋಟೀಸಿನಲ್ಲಿ 2025ರ ಜೂನ್‌ವರೆಗೆ ಲೆಕ್ಕ ಹಾಕಿದ್ದರು. 2022-23ರ ಬಾಕಿಗೆ ಜುಲೈ 2022ರಿಂದ ಎಣಿಸಿದರೆ 36 ತಿಂಗಳು, ಅಂದರೆ ಶೇ. 72, ಅಂದರೆ 2,340 ರೂಪಾಯಿ. ನೋಟೀಸಿನಲ್ಲಿ 2,535 ಇತ್ತು. ಏಪ್ರಿಲ್‌ನಿಂದಲೇ ಎಣಿಸಿ 39 ತಿಂಗಳು ಮಾಡಿದ್ದರು. ಮೂರೂ ವರ್ಷಕ್ಕೆ ಹೀಗೇ ಮಾಡಿ ದಂಡವನ್ನು 6,240 ಬದಲು 7,020 ಮಾಡಿದ್ದರು. ಬಾಕಿ 13,000 ಜೊತೆ ಅದನ್ನು ಕೂಡಿದರೆ ಅಪ್ಪ ಕಟ್ಟಿದ 20,020. ಬಾಕಿಯೇ ಸುಳ್ಳಾದ ಮೇಲೆ 6,240 ಕೂಡ ಕಟ್ಟಬೇಕಾಗಿರಲಿಲ್ಲ ಅಲ್ವಾ?

ತಿಂಗಳಿಗೆ ಶೇ. 2 ಅಂದರೆ ವರ್ಷಕ್ಕೆ ಶೇ. 24. ಹಾಗಾಗಿ ತಕರಾರು ಇದೆ ಅಂತ ನೋಟೀಸನ್ನು ಸುಮ್ನೆ ಎತ್ತಿಡುವುದೂ ಸರಿಯಲ್ಲ. ನೀವು ಒಪ್ಪುವ ಭಾಗ ಇದ್ದರೆ ಅದನ್ನು ಯಾವ ವರ್ಷಕ್ಕೆ ಅಂತ ಬರೆಸಿ ಕಟ್ಟಿ. ಉಳಿದದ್ದಕ್ಕೆ ನೋಟೀಸಿನಲ್ಲಿ ಕೊಟ್ಟ ಗಡುವಿನೊಳಗೆ ಆಕ್ಷೇಪಣೆ ಬರೆದು, ರಸೀದಿಗಳ ಜೆರಾಕ್ಸ್ ಲಗತ್ತಿಸಿ ಕಂದಾಯ ವಿಭಾಗಕ್ಕೆ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. ಬಾಯಿ ಮಾತಿನ ಭರವಸೆ ದಾಖಲೆ ಆಗುವುದಿಲ್ಲ. ಬಳಕೆ ತಪ್ಪಿದ್ದರೆ ಸ್ಥಳ ಪರಿಶೀಲನೆಗೆ ಬೇರೆಯೇ ಅರ್ಜಿ ಹಾಕಿ. ಅದು ತಿದ್ದದಿದ್ದರೆ ಮುಂದಿನ ವರ್ಷದ ಡಿಮ್ಯಾಂಡೂ ವಾಣಿಜ್ಯ ದರದಲ್ಲೇ ಬರುತ್ತದೆ.

ನಮ್ಮ ದಾಖಲೆ ಈಗ "ವಾಸ" ಅಂತ ಆಗಿದೆ. ಬಾಕಿ ಅಂತ ಕಟ್ಟಿದ 13,000 ವಾಪಸ್ ಕೊಡಲಿಲ್ಲ, ಮುಂದಿನ ವರ್ಷಗಳ ಕಂದಾಯಕ್ಕೆ ಹೊಂದಿಸಿಕೊಳ್ಳುತ್ತೇವೆ ಅಂದರು. ದಂಡದ 7,020ರ ಅರ್ಜಿ ಇನ್ನೂ ಫೈಲಿನಲ್ಲೇ ಇದೆ.