ಅಕ್ರಿಲಿಕ್, ಪೆಡಿಕ್ಯೂರ್, ಡ್ರೈ ಮ್ಯಾನಿಕ್ಯೂರ್: ಮೂರನ್ನೂ ಮಾಡಿ ನೋಡಿದ ಮೇಲೆ ಹೇಳ್ತಿರೋದು

ಹೊಸದಾಗಿ ನೇಲ್ ಸ್ಟುಡಿಯೋ ಶುರು ಮಾಡೋರು ನನ್ ಹತ್ರ ಮೊದಲು ಕೇಳೋದೇ ಯಾವುದಕ್ಕೆ ಡಿಮ್ಯಾಂಡ್ ಜಾಸ್ತಿ ಅಂತ. ನಾನೂ ಆಗ ಅದನ್ನೇ ಕೇಳ್ಕೊಂಡು ಓಡಾಡಿದ್ದೆ. ಈಗ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಒಂದು ಪ್ರಶ್ನೆ ಹಾಕ್ತೀನಿ: ಒಬ್ರು ಕಸ್ಟಮರ್ ಎದ್ದು ಹೋಗಿ ಇನ್ನೊಬ್ರು ಕೂರೋದ್ರೊಳಗೆ ಏನೇನು ತೊಳೀಬೇಕು, ಏನೇನು ಬಿಸಾಕ್ಬೇಕು, ಅದಕ್ಕೆ ಎಷ್ಟು ಹೊತ್ತು ಬೇಕು? ದುಡ್ಡು ಎಲ್ಲಿ ಹಾಕ್ಬೇಕು ಅನ್ನೋದು ಆ ಉತ್ತರದಲ್ಲೇ ಇರತ್ತೆ.

ನನ್ನ ಪರಿಸ್ಥಿತಿ ಮೊದಲೇ ಹೇಳ್ಬಿಡ್ತೀನಿ. ಒಂದೇ ರೂಮು, ಒಂದು ಟೇಬಲ್ಲು, ಒಂದು ನಲ್ಲಿ, ಕೆಲಸ ಮಾಡೋದು ನಾನೊಬ್ಳೇ. ಮೊದಲು ಆರು ತಿಂಗಳು ಅಕ್ರಿಲಿಕ್ ಎಕ್ಸ್‌ಟೆನ್ಷನ್, ಆಮೇಲೆ ನಾಲ್ಕು ತಿಂಗಳು ಟಬ್ ಇಟ್ಟು ಪೆಡಿಕ್ಯೂರ್, ಅಲ್ಲಿಂದ ಈಚೆಗೆ ಎರಡು ವರ್ಷದ ಮೇಲಾಯ್ತು ಡ್ರೈ ಮ್ಯಾನಿಕ್ಯೂರ್, ಅಂದ್ರೆ ನೀರಲ್ಲಿ ಕೈ ನೆನೆಸದೆ ಡ್ರಿಲ್ ಬಿಟ್‌ನಲ್ಲಿ ಕ್ಯೂಟಿಕಲ್ ಕ್ಲೀನ್ ಮಾಡಿ ಮೇಲೆ ಜೆಲ್ ಹಾಕೋದು.

ಅಕ್ರಿಲಿಕ್ ಶುರು ಮಾಡೋವಾಗ ಇದೇ ಎಲ್ಲಕ್ಕಿಂತ ಕಮ್ಮಿ ಖರ್ಚು ಅನ್ಸಿತ್ತು. ಲಿಕ್ವಿಡ್, ಪೌಡರ್, ಒಂದು ಒಳ್ಳೆ ಬ್ರಷ್, ಟಿಪ್ಸ್, ಫೈಲ್‌ಗಳು, ಅಷ್ಟೇ ತಾನೆ. ಚರ್ಮ ಕತ್ತರಿಸೋ ಲೋಹದ ಸಾಮಾನು ಜಾಸ್ತಿ ಇಲ್ಲ, ಫೈಲು ಬಫರ್ ಎಲ್ಲ ಒಂದೇ ಸಲಕ್ಕೆ ಬಿಸಾಕೋದು (ಅವುಗಳ ಮೈಯೆಲ್ಲ ಸಣ್ಣ ಸಣ್ಣ ತೂತು, ಎಷ್ಟು ತೊಳೆದ್ರೂ ಒಳಗೆ ಕ್ಲೀನ್ ಆಗಲ್ಲ). ಆದ್ರೆ ಖರ್ಚು ಬಂದಿದ್ದು ಗಾಳಿ ಕಡೆಯಿಂದ. ಅಕ್ರಿಲಿಕ್‌ನಲ್ಲಿ ಧೂಳು ಬೇರೆ ಸಮಸ್ಯೆ, ವಾಸನೆ ಬೇರೆ ಸಮಸ್ಯೆ, ಎರಡಕ್ಕೂ ಒಂದೇ ಮದ್ದು ಇಲ್ಲ. ನಾನು ತಗೊಂಡಿದ್ದ ಟೇಬಲ್ ಮೇಲಿನ ಚಿಕ್ಕ ಫ್ಯಾನಿಗೆ ಬಟ್ಟೆ ಚೀಲ ಇತ್ತು, ದಪ್ಪ ಪುಡಿ ಚೀಲದಲ್ಲಿ ನಿಲ್ತಿತ್ತು, ಸಣ್ಣ ಧೂಳು ಬಟ್ಟೆಯಿಂದ ಆಚೆ ಬಂದು ಮತ್ತೆ ರೂಮಿಗೇ, ಬೆಳಗ್ಗೆ ಬಂದು ಲ್ಯಾಂಪ್ ಮೇಲೆ ಬೆರಳು ಎಳೆದ್ರೆ ಬಿಳಿ ಗೆರೆ. ಹೆಪಾ ಫಿಲ್ಟರ್ ಇರೋದಕ್ಕೆ ಬದಲಾಯಿಸಿದ ಮೇಲೆ ಆ ಗೆರೆ ನಿಲ್ತು. ಆದ್ರೆ ಹೆಪಾ ವಾಸನೇನ ಹಿಡಿಯಲ್ಲ, ಎನ್95 ಮಾಸ್ಕೂ ಅಷ್ಟೇ, ಧೂಳಿಗೆ ಮಾತ್ರ. ಲಿಕ್ವಿಡ್‌ನ ಆವಿಗೆ ದಪ್ಪಗೆ ಇದ್ದಿಲು ತುಂಬಿರೋ ಕಾರ್ಬನ್ ಫಿಲ್ಟರ್ ಬೇಕು ಅಥವಾ ಗಾಳೀನ ಪೈಪ್ ಹಾಕಿ ಹೊರಗೆ ಬಿಡ್ಬೇಕು, ಜೊತೆಗೆ ಲಿಕ್ವಿಡ್ ಬಟ್ಟಲಿಗೆ ಮುಚ್ಚಳ, ಕಸದ ಡಬ್ಬಕ್ಕೂ ಮುಚ್ಚಳ. ನನ್ನ ರೂಮಲ್ಲಿ ಹೊರಗಡೆ ಗೋಡೇನೇ ಇರ್ಲಿಲ್ಲ, ಪೈಪ್ ಹಾಕೋಕೆ ಜಾಗ ಇಲ್ಲ, ಪಕ್ಕದವರು ವಾಸನೆ ಅಂತ ಬಂದು ಹೇಳಿದ್ರು, ಅವರದ್ದೇನೂ ತಪ್ಪಿಲ್ಲ.

ಲಿಕ್ವಿಡ್ ಬಗ್ಗೆ ಇದೊಂದು ಹೇಳ್ಲೇಬೇಕು. ಒಳ್ಳೆ ಲಿಕ್ವಿಡ್‌ನಲ್ಲಿ ಇರೋದು ಈಥೈಲ್ ಮೆಥಾಕ್ರಿಲೇಟ್, ಅಂದ್ರೆ ಇಎಂಎ. ತುಂಬಾ ಅಗ್ಗಕ್ಕೆ ಸಿಗೋದ್ರಲ್ಲಿ ಮೀಥೈಲ್ ಮೆಥಾಕ್ರಿಲೇಟ್, ಅಂದ್ರೆ ಎಂಎಂಎ ಇರಬಹುದು, ಅದನ್ನ ಉಗುರಿಗೆ ಹಾಕೋದು ಎಷ್ಟೋ ಕಡೆ ನಿಷೇಧ. ಎಂಎಂಎ ಹಾಕಿದ ಉಗುರು ಕಲ್ಲಿನ ತರ ಇರತ್ತೆ, ಫೈಲ್‌ಗೆ ಜಗ್ಗಲ್ಲ, ಅಸಿಟೋನ್‌ನಲ್ಲಿ ಎಷ್ಟು ಹೊತ್ತು ಇಟ್ರೂ ಸರಿಯಾಗಿ ಕರಗಲ್ಲ. ಎಲ್ಲಾದ್ರೂ ಬಾಗಿಲಿಗೆ ಸಿಕ್ಕಿದ್ರೆ ಎಕ್ಸ್‌ಟೆನ್ಷನ್ ಮುರಿಯೋ ಬದಲು ಕೆಳಗಿರೋ ನಿಜವಾದ ಉಗುರೇ ಕಿತ್ತು ಬರಬಹುದು. ಡಬ್ಬದ ಮೇಲೆ ಏನಿದೆ ಅಂತ ಬರೆದಿಲ್ಲದ ಲಿಕ್ವಿಡ್ ನಾನು ಮುಟ್ಟಲ್ಲ.

ಪೆಡಿಕ್ಯೂರ್ ವಿಷಯಕ್ಕೆ ಬಂದ್ರೆ ಖರ್ಚೆಲ್ಲ ನೀರಿಂದು. ನಾನು ಗುಳುಗುಳು ಅಂತ ನೀರು ಸುತ್ತೋ ಜೆಟ್ ಟಬ್ ತಂದಿದ್ದೆ, ಕಸ್ಟಮರ್ಸ್‌ಗೆ ತುಂಬಾ ಇಷ್ಟ ಆಗ್ತಿತ್ತು. ಆಮೇಲೆ 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದಿದ್ದು ಓದಿದೆ: ಒಂದೇ ಸಲೂನಿನ ಫುಟ್‌ಬಾತ್‌ನಿಂದ ನೂರಕ್ಕೂ ಹೆಚ್ಚು ಜನಕ್ಕೆ ಮೊಣಕಾಲ ಕೆಳಗೆ ಕುರು ಎದ್ದಿತ್ತು, ಕಾರಣ ಮೈಕೋಬ್ಯಾಕ್ಟೀರಿಯಂ ಜಾತಿಯ ಒಂದು ಬ್ಯಾಕ್ಟೀರಿಯಾ. ಅದು ಸಿಕ್ಕಿದ್ದು ನೀರು ಒಳಗೆ ಎಳೆಯೋ ಜಾಲರಿ ಹಿಂದೆ, ಅಲ್ಲಿ ಕೂದಲು ಮತ್ತೆ ಚರ್ಮದ ಚೂರು ಗಂಟು ಕಟ್ಟಿತ್ತು. ಬರೋಕೆ ಮುಂಚೆ ಕಾಲು ಶೇವ್ ಮಾಡಿದವರಿಗೆ ಅಪಾಯ ಇನ್ನೂ ಜಾಸ್ತಿ ಇತ್ತಂತೆ. ಓದಿದ ದಿನಾನೇ ನನ್ನ ಟಬ್‌ನ ಜಾಲರಿ ಬಿಚ್ಚಿದೆ. ದಿನಾ ಸೋಪ್ ಹಾಕಿ ಉಜ್ಜಿದ್ರೂ ಅದರ ಹಿಂದೆ ಲೋಳೆ ಇತ್ತು, ಹೊಟ್ಟೆ ತೊಳಸಿದ ಹಾಗಾಯ್ತು.

ಅವತ್ತಿಂದ ಪ್ರತಿ ಕಸ್ಟಮರ್ ಆದ್ಮೇಲೆ ನೀರು ಖಾಲಿ ಮಾಡಿ, ಜಾಲರಿ ತೆಗೆದು, ಸೋಪಿನಲ್ಲಿ ಉಜ್ಜಿ, ಮತ್ತೆ ನೀರು ತುಂಬಿ, ಡಿಸ್ಇನ್ಫೆಕ್ಟೆಂಟ್ ಹಾಕಿ ಲೇಬಲ್‌ನಲ್ಲಿ ಹೇಳಿರೋ 10 ನಿಮಿಷ ಜೆಟ್ ಓಡಿಸಿ, ಮತ್ತೆ ಖಾಲಿ ಮಾಡಿ ಒರೆಸೋದು, ಒಟ್ಟು 25 ನಿಮಿಷ ಹೋಗ್ತಿತ್ತು ಅಷ್ಟೊತ್ತೂ ಕುರ್ಚಿ ಖಾಲಿ. ಕೊನೆಗೆ ಪೈಪೇ ಇಲ್ಲದ ಸಾದಾ ಬೇಸಿನ್‌ಗೆ ಒಂದು ಸಲಕ್ಕೆ ಬಿಸಾಕೋ ಪ್ಲಾಸ್ಟಿಕ್ ಲೈನರ್ ಹಾಕೋಕೆ ಶುರು ಮಾಡ್ದೆ, ಆಗ ಕ್ಲೀನಿಂಗ್ ತುಂಬಾ ಹಗುರ ಆಯ್ತು. ಪೆಡಿಕ್ಯೂರೇ ಮಾಡ್ತೀನಿ ಅನ್ನೋರಿಗೆ ನನ್ನ ಮಾತು ಇಷ್ಟೇ, ಜೆಟ್ ಟಬ್ ಬೇಡ.

ಡ್ರೈ ಮ್ಯಾನಿಕ್ಯೂರ್‌ನಲ್ಲಿ ವಾಸನೆ ಇಲ್ಲ, ಪ್ಲಂಬಿಂಗ್ ಇಲ್ಲ, ಧೂಳು ಇದೆ ಆದ್ರೆ ಅದಕ್ಕೆ ಆ ಹೆಪಾ ಕಲೆಕ್ಟರ್ ಸಾಕಾಯ್ತು. ಇಲ್ಲಿ ಖರ್ಚು ಪೂರ್ತಿ ಲೋಹದ ಸಾಮಾನಿಗೆ, ಯಾಕಂದ್ರೆ ನಿಪ್ಪರ್, ಕತ್ತರಿ, ಪುಷರ್, ಬಿಟ್‌ಗಳು ಎಲ್ಲ ಚರ್ಮದ ಅಂಚಲ್ಲೇ ಕೆಲಸ ಮಾಡೋದು, ಒಂಚೂರು ಜಾಸ್ತಿ ಆದ್ರೆ ರಕ್ತ. ಹೆಪಟೈಟಿಸ್ ಬಿ ವೈರಸ್ ಒಣಗಿದ ಮೇಲ್ಮೈ ಮೇಲೂ ಕನಿಷ್ಠ 7 ದಿನ ಜೀವಂತ ಇರಬಲ್ಲದು, ಹಾಗಾಗಿ ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನವರಿಗೆ ಹಿಡಿಯೋದು ಇಲ್ಲಿ ನಡೆಯೋ ಮಾತೇ ಅಲ್ಲ.

ನಾನು ಮೊದಲು ತಗೊಂಡಿದ್ದು ನೀಲಿ ಲೈಟ್ ಬರೋ ಯುವಿ ಡಬ್ಬ, ಮೇಲೆ ಸ್ಟೆರಿಲೈಸರ್ ಅಂತಾನೇ ಬರೆದಿತ್ತು. ಬೆಳಕು ನೇರವಾಗಿ ಬಿದ್ದ ಜಾಗಕ್ಕೆ ಮಾತ್ರ ಅದರ ಕೆಲಸ, ನಿಪ್ಪರ್‌ನ ಕೀಲಿನೊಳಗೆ, ಕೆಳಗಿನ ಮೈಗೆ ಬೆಳಕೇ ಹೋಗಲ್ಲ, ಕ್ಲೀನ್ ಆದ ಸಾಮಾನು ಇಡೋಕೆ ಪೆಟ್ಟಿಗೆ ಅಂದ್ಕೋಬಹುದು ಅಷ್ಟೇ. ಬಿಸಿ ಗಾಜಿನ ಮಣಿ ತುಂಬಿದ ಡಬ್ಬದಲ್ಲಿ ಮುಳುಗೋದು ತುದಿ ಮಾತ್ರ, ಹಿಡಿ ಹೊರಗೇ ಇರತ್ತೆ. ನಿಜವಾಗಿ ಉಳಿಯೋದು ಎರಡು, ಡ್ರೈ ಹೀಟ್ ಓವನ್ ಮತ್ತೆ ಆಟೋಕ್ಲೇವ್. ಡ್ರೈ ಹೀಟ್‌ನಲ್ಲಿ 160 ಡಿಗ್ರಿ ಅಂದ್ರೆ 2 ಗಂಟೆ, 180 ಅಂದ್ರೆ 30 ನಿಮಿಷ, ಅದೂ ಒಳಗಿರೋ ಸಾಮಾನು ಅಷ್ಟು ಬಿಸಿ ಮುಟ್ಟಿದ ಮೇಲಿನ ಲೆಕ್ಕ, ನಡುವೆ ಬಾಗಿಲು ತೆಗೆದ್ರೆ ಮೊದಲಿಂದ ಎಣಿಸ್ಬೇಕು. ಆಟೋಕ್ಲೇವ್‌ನಲ್ಲಿ 134 ಡಿಗ್ರಿ ಹಬೇಲಿ ಮೂರ್ನಾಲ್ಕು ನಿಮಿಷ ಸಾಕು, ಆದ್ರೆ ಬಿಸಿಯಾಗಿ ಒಣಗಿ ಬರೋವರೆಗೆ ಲೆಕ್ಕ ಹಾಕಿದ್ರೆ ನನ್ನ ಮಷಿನ್‌ಗೆ 50 ನಿಮಿಷ. ತಗೊಳ್ಳೋದಾದ್ರೆ ಕ್ಲಾಸ್ ಬಿ ತಗೊಳ್ಳಿ, ಅದು ಮೊದಲು ಒಳಗಿನ ಗಾಳಿ ಎಳೆದು ಹಾಕತ್ತೆ, ಹಾಗಾಗಿ ಸಾಮಾನು ಹಾಕಿ ಸೀಲ್ ಮಾಡಿದ ಪೌಚ್ ಒಳಗೂ ಹಬೆ ನುಗ್ಗತ್ತೆ. ಕ್ಲಾಸ್ ಎನ್ ಅಗ್ಗ, ಆದ್ರೆ ಅದು ಪ್ಯಾಕ್ ಮಾಡದ ಸಾಮಾನಿಗೆ ಮಾತ್ರ, ತೆಗೆದು ಟ್ರೇ ಮೇಲಿಟ್ಟ ತಕ್ಷಣ ಅದು ಸ್ಟೆರೈಲ್ ಆಗಿ ಉಳಿಯಲ್ಲ.

ಈಗ ಲೆಕ್ಕ. ಒಬ್ಬರಿಗೆ ನನಗೆ 90 ನಿಮಿಷ ಬೇಕು, ದಿನಕ್ಕೆ ಐದು ಜನ. ಒಂದು ಸೆಟ್ ಅಂದ್ರೆ ಒಂದು ಪುಷರ್, ಒಂದು ನಿಪ್ಪರ್, ಒಂದು ಕತ್ತರಿ, ನಾಲ್ಕು ಬಿಟ್. ಬಳಸಿದ ಸೆಟ್ ಬಾಯಿ ತೆರೆದಿಟ್ಟು ಡಿಸ್ಇನ್ಫೆಕ್ಟೆಂಟ್ ದ್ರಾವಣದಲ್ಲಿ ನೆನೆಸೋಕೆ 15 ನಿಮಿಷ, ಬ್ರಷ್ ಹಾಕಿ ಅಲ್ಟ್ರಾಸಾನಿಕ್ ಕ್ಲೀನರ್‌ಗೆ ಬಿಟ್ಟು ತೊಳೆದು ಒಣಗಿಸೋಕೆ ಇನ್ನೊಂದು 25, ಪ್ಯಾಕಿಂಗ್ 5, ಮಷಿನ್ 50, ಆರೋಕೆ 15. ಕೂಡಿಸಿದ್ರೆ 110 ನಿಮಿಷ. ಮೊದಲು ನನ್ ಹತ್ರ ಮೂರೇ ಸೆಟ್ ಇತ್ತು, ಕಾಗದದ ಮೇಲೆ ಸಾಕಾಗತ್ತೆ: 10 ಗಂಟೆಗೆ ಬಂದವರ ಸೆಟ್ 11:30ಕ್ಕೆ ಫ್ರೀ, 1:20ಕ್ಕೆ ರೆಡಿ, ನಾಲ್ಕನೆಯವರು ಕೂರೋದು 2:30ಕ್ಕೆ. ಆದ್ರೆ ಆ 110 ನಿಮಿಷದಲ್ಲಿ ತೊಳೆಯೋ ಕೈ ಯಾರದ್ದು? ನನ್ನ ಕೈ ಮುಂದಿನವರ ಉಗುರಿನ ಮೇಲಿದೆ. ಒಂದು ನಿಪ್ಪರ್ ಕೆಳಗೆ ಬಿದ್ರೂ ಇಡೀ ದಿನದ ಟೈಮಿಂಗ್ ಹಾಳು, ಹಾಗೆ ಎರಡು ಸಲ ಆಗಿ ಕಸ್ಟಮರ್‌ನ ವಾಪಸ್ ಕಳಿಸಿದ್ದೀನಿ. ಈಗ ಏಳು ಸೆಟ್ ಇದೆ, ಐದು ಜನಕ್ಕೆ ಐದು, ಎರಡು ಎಕ್ಸ್‌ಟ್ರಾ. ಬಳಸಿದ್ದೆಲ್ಲ ಅವಾಗವಾಗ ದ್ರಾವಣಕ್ಕೆ ಹಾಕಿ 15 ನಿಮಿಷಕ್ಕೆ ತೆಗೆದು ಟ್ರೇಗೆ ಇಡ್ತೀನಿ, ಸಂಜೆ ಒಂದೇ ಸಲ ಮಷಿನ್.

ಆ ಸಂಜೆ ರೌಂಡ್‌ನಲ್ಲೂ ಎಡವಟ್ಟಾಗಿದೆ. ಐದೂ ಪೌಚ್ ಒಂದರ ಮೇಲೊಂದು ಒತ್ತಿ ತುರುಕಿದ್ದೆ, ತೆಗೆದಾಗ ಪೇಪರ್ ಕಡೆ ಒದ್ದೆ. ಒದ್ದೆ ಪೇಪರ್‌ನಿಂದ ಹೊರಗಿನ ಕೊಳೆ ಒಳಗೆ ಇಳಿಯತ್ತೆ, ಹಾಗಾಗಿ ಅದನ್ನ ಹೊಸ ಪೌಚ್‌ಗೆ ಹಾಕಿ ಮತ್ತೆ ಓಡಿಸ್ಲೇಬೇಕು. ಇನ್ನೊಂದು ಸಲ ನಿಪ್ಪರ್ ಕೀಲಲ್ಲಿ ಕಂದು ಚುಕ್ಕಿ ಬಂತು, ತೊಳೆದಿದ್ದು ಪೂರ್ತಿ ಒಣಗೋಕೆ ಮುಂಚೆ ಪ್ಯಾಕ್ ಮಾಡಿದ್ದೆ. ಮಷಿನ್‌ಗೆ ನಲ್ಲಿ ನೀರು ಹಾಕಿದ್ರೂ ಕಲೆ ಕಟ್ಟತ್ತೆ, ಡಿಸ್ಟಿಲ್ಡ್ ವಾಟರ್ರೇ ಬೇಕು. ಪೌಚ್ ಮೇಲಿನ ಬಣ್ಣದ ಗುರುತು ಬದಲಾದ್ರೆ ಅದು ಮಷಿನ್ ಒಳಗೆ ಹೋಗಿ ಬಂದಿದೆ ಅಂತ ಮಾತ್ರ ಗೊತ್ತಾಗತ್ತೆ, ಸೂಕ್ಷ್ಮಜೀವಿ ಸತ್ತಿದೆಯಾ ಅಂತ ತಿಳಿಯೋಕೆ ಸ್ಪೋರ್ ಟೆಸ್ಟ್ ಬೇಕು, ನಾನು ತಿಂಗಳಿಗೊಂದು ಸಲ ಹಾಕ್ತೀನಿ.

ಡ್ರಿಲ್ ಮಷಿನ್ ವಿಷಯದಲ್ಲಿ ಎಲ್ರೂ ಆರ್‌ಪಿಎಂ ನೋಡ್ತಾರೆ, 35,000 ಅಂತ ಬರೆದಿದ್ರೆ ಖುಷಿ. ಕ್ಯೂಟಿಕಲ್ ಕೆಲಸಕ್ಕೆ ನಾನು 5,000ದಿಂದ 10,000 ದಾಟಲ್ಲ. ಅಲ್ಲಿ ಮುಖ್ಯ ಆಗೋದು ಕಮ್ಮಿ ಸ್ಪೀಡಲ್ಲೂ ಮೋಟರ್ ಬಲ ಬಿಡಬಾರದು, ಬಿಟ್ ಅದುರಬಾರದು. ಬಿಟ್ ಹಾಕಿ ನಿಧಾನಕ್ಕೆ ಓಡಿಸಿ ತುದಿ ನೋಡಿ, ಒಂದೇ ಚುಕ್ಕಿ ತರ ಕಾಣ್ಬೇಕು, ಮಸುಕಾಗಿ ಎರಡಾಗಿ ಕಂಡ್ರೆ ಹ್ಯಾಂಡ್‌ಪೀಸೋ ಬಿಟ್ಟೋ ಸೊಟ್ಟ. ಬಲ ಇಲ್ಲದ ಮೋಟರ್ ಒತ್ತಿದ್ರೆ ನಿಲ್ಲತ್ತೆ, ನಾವು ಇನ್ನೂ ಒತ್ತಿ ಹಿಡೀತೀವಿ, ಆಗ ಕ್ಯೂಟಿಕಲ್ ಪಕ್ಕದ ಉಗುರಲ್ಲಿ ಕೆಂಪು ಗೆರೆ ಕೊರೆಯತ್ತೆ, ಅದು ಬೆಳೆದು ಹೋಗೋಕೆ ತಿಂಗಳುಗಟ್ಟಲೆ ಬೇಕು.

ಜೆಲ್ ಬಗ್ಗೆ ಚಿಕ್ಕದಾಗಿ: ಲ್ಯಾಂಪು ಜೆಲ್ಲು ಒಂದೇ ಕಂಪನಿದು ಇಟ್ಕೊಳ್ಳಿ, ವ್ಯಾಟ್ ನೋಡಿ ಮೋಸ ಹೋಗ್ಬೇಡಿ. ಸರಿಯಾಗಿ ಗಟ್ಟಿಯಾಗದ ಜೆಲ್ ಪದೇಪದೇ ಚರ್ಮಕ್ಕೆ ತಾಗಿದ್ರೆ ಅಲರ್ಜಿ ಬರತ್ತೆ, ಬಂದ್ರೆ ಸಾಮಾನ್ಯವಾಗಿ ಜೀವನಪೂರ್ತಿ ಇರತ್ತೆ. ಲ್ಯಾಂಪ್ ಬೆಳಕಲ್ಲಿ ಜೆಲ್ ಗಟ್ಟಿಯಾಗೋಕೆ ಹಾಕೋ ಟಿಪಿಒ ಅನ್ನೋ ಕೆಮಿಕಲ್ ಇರೋ ಜೆಲ್‌ನ ಯುರೋಪಿಯನ್ ಯೂನಿಯನ್ 2025ರ ಸೆಪ್ಟೆಂಬರ್‌ 1ರಿಂದ ನಿಷೇಧಿಸಿದೆ, ಅದಕ್ಕೇ ಹಳೇ ಸ್ಟಾಕ್ ಅಗ್ಗಕ್ಕೆ ಅಂತ ಯಾರಾದ್ರೂ ಕೊಟ್ರೆ ಮೊದಲು ಲೇಬಲ್ ಓದಿ.

ಹಾಗಾದ್ರೆ ಯಾರಿಗೆ ಯಾವುದು? ಹೊರಗೆ ಗಾಳಿ ಬಿಡೋಕೆ ಜಾಗ ಇದ್ದು, ಉದ್ದ ಉಗುರಿನ ಶೇಪ್ ಮೇಲೆ ನಿಮ್ಮ ಕೈ ಚೆನ್ನಾಗಿದ್ರೆ ಅಕ್ರಿಲಿಕ್. ತೊಳೆಯೋಕೆ ಅಂತಾನೇ ಇನ್ನೊಬ್ರು ಇದ್ರೆ ಪೆಡಿಕ್ಯೂರ್. ನನ್ನ ತರ ಒಂದೇ ರೂಮಲ್ಲಿ ಒಬ್ರೇ ಅಂದ್ರೆ ನಾನು ಡ್ರೈ ಮ್ಯಾನಿಕ್ಯೂರ್ ಅಂತೀನಿ, ಕ್ಲೀನಿಂಗ್‌ನ ಸಂಜೆಗೆ ತಳ್ಳಬಹುದಾಗಿದ್ದು ಮೂರರಲ್ಲಿ ಅದೊಂದನ್ನೇ. ದುಡ್ಡು ಸಾಲದೇ ಇದ್ರೆ ಮೊದಲು ಆಟೋಕ್ಲೇವ್ ತಗೊಂಡು, ನಾಲ್ಕು ಸೆಟ್ ಇಟ್ಕೊಂಡು, ದಿನಕ್ಕೆ ಮೂರೇ ಬುಕಿಂಗ್ ತಗೊಳ್ಳಿ, ಐದನೇ ಸೆಟ್ ಕೈಗೆ ಬಂದ ದಿನ ನಾಲ್ಕನೇ ಬುಕಿಂಗ್ ಓಪನ್ ಮಾಡಿ.